ಸಣ್ಣ ಹೆಡ್ಜ್ ಪೋರ್ಟ್‌ಫೋಲಿಯೊಗೆ ಕಾವಲು ಯಾವುದು: ಆ್ಯಪ್, ಶೀಟ್ ಅಥವಾ ಸ್ಕ್ರಿಪ್ಟ್?

ಆಪ್ಷನ್ ಹೆಡ್ಜ್‌ನ ಅಪಾಯವನ್ನು ಎಕ್ಸ್‌ಪೈರಿಯವರೆಗೆ ಕಾಯಲು ಯಾವ ಸಾಧನ ತಕ್ಕದ್ದು ಎಂಬ ಹೋಲಿಕೆಯನ್ನು ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಲೆಕ್ಕದಿಂದಲೇ ಆರಂಭಿಸುತ್ತೇನೆ. ಅವರ ಡಿಮ್ಯಾಟ್ ಖಾತೆಯಲ್ಲಿ ಒಂದು ಕಂಪನಿಯ 1,000 ಷೇರುಗಳಿವೆ. ಲೆಕ್ಕ ಸುಲಭವಾಗಲೆಂದು ಷೇರಿನ ಬೆಲೆ 1,000 ರೂಪಾಯಿ, ಲಾಟ್ ಗಾತ್ರ 500 ಎಂದು ಇಟ್ಟುಕೊಳ್ಳೋಣ. ಬೆಲೆ ಕುಸಿದರೆ ರಕ್ಷಣೆ ಇರಲೆಂದು ಅವರು 960ರ ಪುಟ್ ಎರಡು ಲಾಟ್ ಕೊಂಡಿದ್ದಾರೆ. ಆ ಖರ್ಚನ್ನು ಸರಿದೂಗಿಸಲು 1,050ರ ಕಾಲ್ ಎರಡು ಲಾಟ್ ಮಾರಿದ್ದಾರೆ. ಇದಕ್ಕೆ ಕಾಲರ್ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಷೇರು ಇಟ್ಟುಕೊಂಡು ಹೆಡ್ಜ್ ಮಾಡುವ ಬಹುತೇಕರ ಪೋರ್ಟ್‌ಫೋಲಿಯೊ ಇದೇ ಮಾದರಿಯದ್ದು, ಇಲ್ಲವೇ ಇದರ ಅರ್ಧ.

ಎಕ್ಸ್‌ಪೈರಿಗೆ 12 ದಿನ ಇರುವಾಗ ಅವರು ಬ್ರೋಕರ್ ಆ್ಯಪ್ ತೆರೆದರೆ ಒಟ್ಟು ಡೆಲ್ಟಾ ಮೈನಸ್ 378 ಎಂದು ತೋರಿಸುತ್ತದೆ. ಇಂಪ್ಲೈಡ್ ವೊಲಟಿಲಿಟಿ ಶೇ 28 ಎಂದು ಹಿಡಿದರೆ 960ರ ಪುಟ್‌ನ ಡೆಲ್ಟಾ ಸುಮಾರು ಮೈನಸ್ 0.19, 1,050ರ ಕಾಲ್‌ನ ಡೆಲ್ಟಾ ಸುಮಾರು 0.19. ಒಂದನ್ನು ಕೊಂಡಿದ್ದಾರೆ, ಇನ್ನೊಂದನ್ನು ಮಾರಿದ್ದಾರೆ. ಆದ್ದರಿಂದ ಎರಡೂ ಇಳಿಕೆಯ ಕಡೆಗೇ ಕೂಡುತ್ತವೆ. ಆ್ಯಪ್‌ನ ಪ್ರಕಾರ ಅವರು 378 ಷೇರುಗಳಷ್ಟು ಇಳಿಕೆಯ ಮೇಲೆ ಪಣ ಕಟ್ಟಿದವರು. ವಾಸ್ತವದಲ್ಲಿ 1,000 ಷೇರುಗಳನ್ನು ಸೇರಿಸಿದರೆ ಅವರ ನಿಜವಾದ ಡೆಲ್ಟಾ ಪ್ಲಸ್ 622. ಷೇರು ಒಂದು ರೂಪಾಯಿ ಏರಿದರೆ ಅವರಿಗೆ ಸುಮಾರು 622 ರೂಪಾಯಿ ಲಾಭ, ಇಳಿದರೆ ಅಷ್ಟೇ ನಷ್ಟ.

ಆ್ಯಪ್ ಇಲ್ಲಿ ಲೆಕ್ಕ ತಪ್ಪಿಲ್ಲ. ಎಫ್ ಆ್ಯಂಡ್ ಓ ಪೊಸಿಷನ್ ಒಂದು ಪುಟದಲ್ಲಿ, ಹೋಲ್ಡಿಂಗ್ಸ್ ಇನ್ನೊಂದು ಪುಟದಲ್ಲಿ ಇರುವುದರಿಂದ ಅದು ಕಂಡಷ್ಟನ್ನೇ ಕೂಡಿದೆ. ಹೀಗಾಗಿ ಯಾವ ಸಾಧನವನ್ನು ಆರಿಸಿಕೊಳ್ಳಲು ಹೊರಟರೂ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಇದು ನನ್ನ ಷೇರುಗಳನ್ನೂ ಆಪ್ಷನ್‌ಗಳನ್ನೂ ಒಟ್ಟಿಗೆ ನೋಡುತ್ತದೆಯೇ? ಎಕ್ಸ್‌ಪೈರಿ ಹತ್ತಿರ ಬಂದಾಗ ನಾನು ಕೇಳದೆಯೇ ನನ್ನನ್ನು ಎಚ್ಚರಿಸುತ್ತದೆಯೇ? ಬಣ್ಣದ ಲಾಭನಷ್ಟದ ರೇಖೆ ಎಷ್ಟು ಚೆನ್ನಾಗಿದೆ ಎಂಬುದು ಅದರ ನಂತರದ ಮಾತು.

ಡೆಲ್ಟಾ ಒಂದೇ ಇದ್ದರೂ ಅಪಾಯ ಬೇರೆ

ಎರಡನೆಯ ಪ್ರಶ್ನೆ ಏಕೆ ಮುಖ್ಯ ಎಂಬುದು ಅದೇ ಪೋರ್ಟ್‌ಫೋಲಿಯೊವನ್ನು 11 ದಿನ ಮುಂದೆ ಒಯ್ದರೆ ತಿಳಿಯುತ್ತದೆ. ಷೇರು ನಿಧಾನವಾಗಿ ಏರಿ 1,046ಕ್ಕೆ ಬಂದಿದೆ, ಎಕ್ಸ್‌ಪೈರಿಗೆ ಒಂದೇ ದಿನ ಉಳಿದಿದೆ. ಪುಟ್ ಈಗ ಬಹುತೇಕ ಶೂನ್ಯ. ಕಾಲ್‌ನ ಡೆಲ್ಟಾ ಸುಮಾರು 0.405. ಒಟ್ಟು ಡೆಲ್ಟಾ 595. ಮೊದಲು 622 ಇತ್ತು, ಈಗ 595. ಡೆಲ್ಟಾ ಮಾತ್ರ ನೋಡುವವರಿಗೆ ಏನೂ ಬದಲಾಗಿಲ್ಲ ಎನಿಸುತ್ತದೆ.

ಗ್ಯಾಮಾ ನೋಡಿದರೆ ಚಿತ್ರವೇ ಬೇರೆ. ಷೇರು ಒಂದು ರೂಪಾಯಿ ಚಲಿಸಿದಾಗ ಡೆಲ್ಟಾ ಎಷ್ಟು ಬದಲಾಗುತ್ತದೆ ಎಂಬುದೇ ಗ್ಯಾಮಾ. 12 ದಿನ ಇದ್ದಾಗ ಕೊಂಡ ಪುಟ್‌ನ ಗ್ಯಾಮಾ ಮತ್ತು ಮಾರಿದ ಕಾಲ್‌ನ ಗ್ಯಾಮಾ ಒಂದನ್ನೊಂದು ಹೊಡೆದುಹಾಕಿ ಒಟ್ಟು ಗ್ಯಾಮಾ ಹೆಚ್ಚುಕಡಿಮೆ ಶೂನ್ಯವಾಗಿತ್ತು. ಈಗ ಪುಟ್ ಕಡೆ ಏನೂ ಉಳಿದಿಲ್ಲ, ಮಾರಿದ ಕಾಲ್ ಸ್ಟ್ರೈಕ್‌ನ ಪಕ್ಕದಲ್ಲೇ ನಿಂತಿದೆ. ಒಟ್ಟು ಗ್ಯಾಮಾ ಸುಮಾರು ಮೈನಸ್ 25. ಷೇರು 1,056ಕ್ಕೆ ಹೋದರೆ, ಅಂದರೆ ಶೇ 1ರಷ್ಟೂ ಏರದೆ, ಡೆಲ್ಟಾ 595ರಿಂದ 341ಕ್ಕೆ ಇಳಿಯುತ್ತದೆ. ಮರುದಿನ ಮಧ್ಯಾಹ್ನ 3.30ರ ಹೊತ್ತಿಗೆ ಅದು ಸಾವಿರವೋ ಸೊನ್ನೆಯೋ ಆಗಿರುತ್ತದೆ, ನಡುವೆ ನಿಲ್ಲುವಂತಿಲ್ಲ.

ಸೊನ್ನೆ ಎಂದರೆ ಇಲ್ಲಿ ಕಾಗದದ ಮೇಲಿನ ಸೊನ್ನೆಯಲ್ಲ. 2019ರ ಅಕ್ಟೋಬರ್‌ನಿಂದ ಬಿಡಿ ಷೇರುಗಳ ಎಲ್ಲ ಡೆರಿವೇಟಿವ್‌ಗಳಿಗೂ ಷೇರುಗಳ ನಿಜವಾದ ಹಸ್ತಾಂತರ ಕಡ್ಡಾಯವಾಗಿದೆ. ಕಾಲ್ 1,050ರ ಮೇಲೆ ಮುಗಿದರೆ ವ್ಯಾಪಾರಿಯ 1,000 ಷೇರುಗಳು ಡಿಮ್ಯಾಟ್‌ನಿಂದ ಹೊರಟುಹೋಗುತ್ತವೆ. ಷೇರು 960ರ ಕೆಳಗೆ ಮುಗಿದಿದ್ದರೆ ಪುಟ್ ತಾನಾಗಿಯೇ ಚಲಾವಣೆಯಾಗಿ ಆಗಲೂ ಷೇರುಗಳು ಹೋಗುತ್ತಿದ್ದವು. ವಿಮೆ ಎಂದು ಕೊಂಡ ಪುಟ್ ಷೇರನ್ನೇ ಮಾರಿಸುತ್ತದೆ ಎಂಬುದನ್ನು ಅನೇಕರು ಎಕ್ಸ್‌ಪೈರಿಯ ಸಂಜೆ ತಿಳಿಯುತ್ತಾರೆ. ಷೇರು ಉಳಿಸಿಕೊಳ್ಳುವ ಮನಸ್ಸಿದ್ದರೆ ಲಾಭದಲ್ಲಿರುವ ಪುಟ್ಟನ್ನು ಎಕ್ಸ್‌ಪೈರಿಗೆ ಮೊದಲೇ ಮಾರಬೇಕು, ಹಾಗೆಯೇ ಕಾಲ್ಅನ್ನು ಮರಳಿ ಕೊಳ್ಳಬೇಕು. ಹೀಗೆ ಹೋದ ಷೇರು ತೆರಿಗೆಯ ಕಣ್ಣಿಗೆ ಮಾರಾಟವೇ. ಹತ್ತು ವರ್ಷ ಹಿಂದೆ ಕೊಂಡ ಷೇರಾದರೆ ಬಂಡವಾಳ ಲಾಭದ ತೆರಿಗೆ ಸಣ್ಣದಿರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಒತ್ತೆ ಇಟ್ಟ ಷೇರು. ಮಾರಿದ ಕಾಲ್‌ಗೆ ಮಾರ್ಜಿನ್ ಬೇಕೆಂದು ಅದೇ 1,000 ಷೇರುಗಳನ್ನು ಬ್ರೋಕರ್‌ಗೆ ಪ್ಲೆಡ್ಜ್ ಮಾಡುವುದು ವಾಡಿಕೆ. ಷೇರುಗಳು ಒತ್ತೆಯಲ್ಲೇ ಉಳಿದು ಹಸ್ತಾಂತರಕ್ಕೆ ಸಿಗದಿದ್ದರೆ ಎಕ್ಸ್‌ಚೇಂಜ್ ಹರಾಜಿನಲ್ಲಿ ಬೇರೆಯವರಿಂದ ಕೊಂಡು ಕೊಡುತ್ತದೆ, ವ್ಯತ್ಯಾಸವನ್ನು ನಾವು ತೆರಬೇಕು. ಒತ್ತೆ ಬಿಡಿಸಲು ಎಷ್ಟು ಸಮಯ ಬೇಕು, ಯಾವ ದಿನದೊಳಗೆ ಕೋರಿಕೆ ಸಲ್ಲಿಸಬೇಕು ಎಂಬುದನ್ನು ಬ್ರೋಕರ್‌ನಿಂದ ಬರಹದಲ್ಲಿ ಕೇಳಿ ಪಡೆಯಿರಿ. ಲಾಭದಲ್ಲಿರುವ ಕೊಂಡ ಆಪ್ಷನ್‌ಗಳ ಮೇಲೆ ಎಕ್ಸ್‌ಪೈರಿಗೆ ನಾಲ್ಕು ದಿನ ಮೊದಲಿನಿಂದ ದಿನದಿನಕ್ಕೆ ಏರುವ ಹಸ್ತಾಂತರ ಮಾರ್ಜಿನ್ ಕೂಡ ಬೀಳುತ್ತದೆ. ಹಣ ಇರದಿದ್ದರೆ ಬ್ರೋಕರ್ ತಾನೇ ಪೊಸಿಷನ್ ಮುಚ್ಚಬಹುದು. ಪುಟ್ ಮತ್ತು ಕಾಲ್‌ಗಳಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ಬಿಟ್ಟರೆ ಹೆಡ್ಜ್ ಅಲ್ಲಿಗೆ ಮುರಿಯಿತು.

ಇವೆಲ್ಲವನ್ನೂ ಹಿಡಿಯಲು ನಾನು ಒಂದೇ ಅಳತೆಯನ್ನು ನಂಬುತ್ತೇನೆ: ಬೆಲೆ ಸ್ಟ್ರೈಕ್‌ನಿಂದ ಎಷ್ಟು ದೂರ ಇದೆ ಎಂಬುದನ್ನು, ಉಳಿದ ದಿನಗಳಲ್ಲಿ ಅದು ಸಾಮಾನ್ಯವಾಗಿ ಚಲಿಸಬಹುದಾದ ದೂರದಿಂದ ಭಾಗಿಸುವುದು. ಆ ಸಾಮಾನ್ಯ ದೂರವೆಂದರೆ ಬೆಲೆ, ವೊಲಟಿಲಿಟಿ ಮತ್ತು ಉಳಿದ ಕಾಲದ ವರ್ಗಮೂಲ ಇವುಗಳ ಗುಣಲಬ್ಧ. ಒಂದೇ ದಿನ ಉಳಿದಾಗ ನಮ್ಮ ಉದಾಹರಣೆಯಲ್ಲಿ ಅದು ಸುಮಾರು 15 ರೂಪಾಯಿ. ಸ್ಟ್ರೈಕ್ ಇರುವುದು 4 ರೂಪಾಯಿ ದೂರದಲ್ಲಿ. ಅನುಪಾತ 0.26. ಕೊನೆಯ ಐದು ದಿನಗಳಲ್ಲಿ ಈ ಅನುಪಾತ ಒಂದಕ್ಕಿಂತ ಕಡಿಮೆಯಾದರೆ ಕೆಂಪು ದೀಪ ಎಂದು ನಿಯಮ ಮಾಡಿಕೊಳ್ಳಿ. ಬೆಲೆ ಆಗಲೇ ಸ್ಟ್ರೈಕ್ ದಾಟಿ ದೂರ ಹೋಗಿದ್ದರೆ ಮಾತ್ರ ಅನುಪಾತ ಒಂದಕ್ಕಿಂತ ಹೆಚ್ಚಿದ್ದರೂ ಷೇರು ಹೋಗುವುದು ಬಹುತೇಕ ಖಚಿತ, ಅದನ್ನು ಬೇರೆಯಾಗಿ ನೋಡಿಕೊಳ್ಳಿ. ಥೀಟಾ, ವೇಗಾಗಳು ಇಂಥ ಸಣ್ಣ ಕಾಲರ್‌ನಲ್ಲಿ ಬಹುಪಾಲು ಪರಸ್ಪರ ಕಳೆದುಹೋಗುತ್ತವೆ. ಅವುಗಳಿಗಾಗಿ ಸಾಧನ ಬದಲಿಸಬೇಕಾಗಿಲ್ಲ.

ಈ ಅಳತೆಗೋಲಿನಿಂದ ಮೂರು ದಾರಿಗಳನ್ನೂ ನೋಡೋಣ.

ಬ್ರೋಕರ್ ಆ್ಯಪ್ ಮತ್ತು ಸಿದ್ಧ ವಿಶ್ಲೇಷಣಾ ತಾಣಗಳು

ಸೆನ್ಸಿಬುಲ್, ಆಪ್‌ಸ್ಟ್ರಾ ಮುಂತಾದ ತಾಣಗಳೂ ಬ್ರೋಕರ್‌ಗಳ ಸ್ವಂತ ಪುಟಗಳೂ ಗ್ರೀಕ್ಸ್ ಲೆಕ್ಕವನ್ನು ಕೂತಲ್ಲೇ ಕೊಡುತ್ತವೆ. ಟೈಪ್ ಮಾಡುವ ತೊಂದರೆ ಇಲ್ಲ, ಬೆಲೆಗಳು ತಾಜಾ. ಹೊಸ ಕಾಲರ್ ಕಟ್ಟುವ ಮೊದಲು ಯಾವ ಸ್ಟ್ರೈಕ್ ಎಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಷೇರು ಸೇರದ ತೊಂದರೆಗೆ ಒಂದು ಉಪಾಯವಿದೆ. ಕೈಯಿಂದ ಪೊಸಿಷನ್ ಸೇರಿಸುವ ಅವಕಾಶ ಇರುವ ಕಡೆ ಅದೇ ಕಂಪನಿಯ ಎರಡು ಲಾಟ್ ಫ್ಯೂಚರ್ಸ್ ಕೊಂಡಂತೆ ಕಾಗದದ ಮೇಲೆ ಸೇರಿಸಿ. ಫ್ಯೂಚರ್ಸ್‌ನ ಡೆಲ್ಟಾ ಒಂದು, ಷೇರಿನದ್ದೂ ಒಂದು. ಮೈನಸ್ 378 ತಕ್ಷಣ ಪ್ಲಸ್ 622 ಆಗುತ್ತದೆ. ಆದರೆ ಇದು ಲಾಟ್‌ಗೆ ಸರಿಹೊಂದುವ ಷೇರುಗಳಿಗೆ ಮಾತ್ರ ಅಚ್ಚುಕಟ್ಟು. 1,130 ಷೇರು ಇರುವವರಿಗೆ 130 ಹೊರಗೇ ಉಳಿಯುತ್ತದೆ.

ಎಚ್ಚರಿಕೆಯ ವಿಷಯದಲ್ಲಿ ಇವು ಕೊಡುವುದು ಬಹುಮಟ್ಟಿಗೆ ಬೆಲೆಯ ಅಲರ್ಟ್ ಮತ್ತು ಎಲ್ಲರಿಗೂ ಹೋಗುವ ಎಕ್ಸ್‌ಪೈರಿ ಸಂದೇಶ. ನಿಮ್ಮ ಅನುಪಾತ ಒಂದಕ್ಕಿಂತ ಕೆಳಗಿಳಿದಿದೆ ಎಂದು ಅವು ಹೇಳುವುದಿಲ್ಲ. ಆದರೂ ಬೆಲೆಯ ಅಲರ್ಟನ್ನು ಹಗುರವಾಗಿ ಕಾಣಬೇಡಿ. ಅದು ಬ್ರೋಕರ್‌ನ ಸರ್ವರ್‌ನಲ್ಲಿ ಓಡುತ್ತದೆ. ಬಾಗಲಕೋಟೆಯ ನಿಮ್ಮ ಮನೆಯಲ್ಲಿ ವಿದ್ಯುತ್ ಹೋದರೂ ಅದು ನಿಲ್ಲುವುದಿಲ್ಲ. ಮುಂದೆ ಹೇಳುವ ಶೀಟ್ ಜೊತೆ ಸೇರಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಶೀಟ್: ಬಹುಪಾಲು ಜನರಿಗೆ ನನ್ನ ಶಿಫಾರಸು

ಗೂಗಲ್ ಶೀಟ್ ಒಂದರಲ್ಲಿ `book` ಎಂಬ ಹೆಸರಿನ ಪುಟ, ಅದರಲ್ಲಿ ಎರಡನೆಯ ಸಾಲಿನಿಂದ ಪ್ರತಿ ಆಪ್ಷನ್‌ಗೆ ಒಂದು ಸಾಲು. A ಕಾಲಂನಲ್ಲಿ ಹೆಸರು, B ಷೇರಿನ ಬೆಲೆ, C ಸ್ಟ್ರೈಕ್, D ಉಳಿದ ದಿನ, E ವೊಲಟಿಲಿಟಿ 0.28 ಎಂಬ ರೂಪದಲ್ಲಿ, F ಡೆಲ್ಟಾ, G ಅನುಪಾತ, H ಎಕ್ಸ್‌ಪೈರಿ ದಿನಾಂಕ, I ಪ್ರಮಾಣ, ಲಾಟ್‌ಗಳಲ್ಲಲ್ಲ, ಷೇರುಗಳ ಲೆಕ್ಕದಲ್ಲಿ. ಮಾರಿದ್ದರೆ ಪ್ರಮಾಣದ ಮುಂದೆ ಮೈನಸ್. ಕೈಯಲ್ಲಿರುವ ಷೇರುಗಳ ಸಂಖ್ಯೆ ಪ್ರತ್ಯೇಕವಾಗಿ K1ರಲ್ಲಿ. ಸೂತ್ರಗಳು ಕ್ರಮವಾಗಿ ಉಳಿದ ದಿನ, ಕಾಲ್‌ನ ಡೆಲ್ಟಾ, ಅನುಪಾತ ಮತ್ತು ಒಟ್ಟು ಡೆಲ್ಟಾಗೆ:

```
=MAX(H2+TIME(15,30,0)-NOW(),0.01)
=NORM.S.DIST((LN(B2/C2)+(0.065+E2^2/2)*D2/365)/(E2*SQRT(D2/365)),TRUE)
=ABS(B2-C2)/(B2*E2*SQRT(D2/365))
=K1+SUMPRODUCT(F2:F9,I2:I9)
```

ಪುಟ್ ಆದರೆ ಎರಡನೆಯ ಸೂತ್ರದ ಕೊನೆಗೆ `-1` ಸೇರಿಸಬೇಕು. 0.065 ಎಂಬುದು ಬಡ್ಡಿದರ. ಕೆಲವೇ ದಿನಗಳ ಆಪ್ಷನ್‌ನಲ್ಲಿ ಅದು ಅರ್ಧ ಅಂಶ ಆಚೀಚೆ ಆದರೂ ಫಲಿತಾಂಶ ಬದಲಾಗದು. ಫೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಸಮಯವಲಯ ಭಾರತದ್ದೇ ಇದೆಯೇ ಎಂದು ಮರೆಯದೆ ನೋಡಿ. ಅಮೆರಿಕದ ಸಮಯದಲ್ಲಿ ಉಳಿದಿದ್ದರೆ ಅರ್ಧ ದಿನದಷ್ಟು ಕಾಲ ಹೆಚ್ಚಾಗಿ ಕಾಣುತ್ತದೆ, ಎಕ್ಸ್‌ಪೈರಿಯ ದಿನ ಆ ಅರ್ಧ ದಿನವೇ ಎಲ್ಲವೂ.

ಷೇರಿನ ಬೆಲೆಯನ್ನು `GOOGLEFINANCE` ತರುತ್ತದೆ. ಅದು 20 ನಿಮಿಷದವರೆಗೆ ತಡವಾಗಿರಬಹುದು, ಮತ್ತು ನಮ್ಮ ಆಪ್ಷನ್‌ಗಳ ಬೆಲೆಯನ್ನು ಅದು ತರುವುದಿಲ್ಲ. ಆದ್ದರಿಂದ ವೊಲಟಿಲಿಟಿಯನ್ನು ದಿನಕ್ಕೊಮ್ಮೆ ಎನ್‌ಎಸ್‌ಇ ಆಪ್ಷನ್ ಚೈನ್ ನೋಡಿ ಕೈಯಿಂದ ತುಂಬಬೇಕು. ಇಲ್ಲಿ ಎಚ್ಚರ ಬೇಕು. ವಹಿವಾಟು ಕಡಿಮೆ ಇರುವ ಸ್ಟ್ರೈಕ್‌ನಲ್ಲಿ ಕೊನೆಯ ವಹಿವಾಟು ಬೆಳಿಗ್ಗೆ ಹತ್ತಕ್ಕೆ ಆಗಿದ್ದು, ಷೇರು ಅಲ್ಲಿಂದ ಹದಿನೈದು ರೂಪಾಯಿ ಚಲಿಸಿರಬಹುದು. ಆ ಹಳೆಯ ಬೆಲೆಯಿಂದ ತೆಗೆದ ವೊಲಟಿಲಿಟಿ ಅರ್ಥಹೀನ. ಪರೀಕ್ಷೆ ಸುಲಭ. ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್‌ಗಳ ವೊಲಟಿಲಿಟಿ ಹತ್ತಿರ ಹತ್ತಿರ ಇರಬೇಕು. ಒಂದು 27, ಇನ್ನೊಂದು 41 ಎಂದಿದ್ದರೆ ಯಾವುದೋ ಬೆಲೆ ಹಳಸಿದೆ. ಆಗ ಕೊಳ್ಳುವವರ ಮತ್ತು ಮಾರುವವರ ಬೆಲೆಗಳ ನಡುವಿನದ್ದನ್ನು ಹಿಡಿಯಿರಿ, ಇಲ್ಲವೇ ಪಕ್ಕದ ಚುರುಕಾದ ಸ್ಟ್ರೈಕ್‌ನ ಅಂಕಿಯನ್ನೇ ಬಳಸಿ.

ಇಷ್ಟರವರೆಗೆ ಇದು ಲೆಕ್ಕದ ಪುಸ್ತಕ ಮಾತ್ರ. ಅದನ್ನು ಕಾವಲುಗಾರನನ್ನಾಗಿ ಮಾಡುವುದು ಆ್ಯಪ್ಸ್ ಸ್ಕ್ರಿಪ್ಟ್‌ನ ಈ ಕೆಲವು ಸಾಲುಗಳು:

```javascript
function kaavalu() {
  const sh = SpreadsheetApp.getActive().getSheetByName("book");
  const rows = sh.getRange("A2:I9").getValues().filter(r => r[0] !== "");
  const red = rows.filter(r => !(r[6] >= 1 || (r[3] > 5 && r[6] >= 0)));
  const sub = red.length ? "RED: " + red.length : "OK";
  MailApp.sendEmail(Session.getEffectiveUser().getEmail(), sub,
    rows.map(r => r.join(" | ")).join("\n"));
}
```

ಟ್ರಿಗರ್ ಪುಟದಲ್ಲಿ ಇದನ್ನು ಪ್ರತಿದಿನ ಮಧ್ಯಾಹ್ನ 1ರಿಂದ 2ರೊಳಗೆ ಓಡಲು ಹೊಂದಿಸಿ. ಸಂಜೆಗೆ ಇಡಬೇಡಿ; ಮಾರುಕಟ್ಟೆ ಮುಚ್ಚಿದ ಮೇಲೆ ಬಂದ ಎಚ್ಚರಿಕೆಯಿಂದ ಏನೂ ಮಾಡಲಾಗದು. ಇದು ಗೂಗಲ್‌ನ ಯಂತ್ರದಲ್ಲಿ ಓಡುವುದರಿಂದ ನಿಮ್ಮ ಕಂಪ್ಯೂಟರ್ ಆರಿಸಿದ್ದರೂ ಅಡ್ಡಿಯಿಲ್ಲ.

ಇದರಲ್ಲಿ ಎರಡು ವಿಷಯ ಬೇಕೆಂದೇ ಇಟ್ಟಿದ್ದೇನೆ. ಮೊದಲನೆಯದು, ಷರತ್ತನ್ನು ತಿರುವಿ ಬರೆದಿರುವುದು. ಬೆಲೆ ಬಾರದೆ ಕೋಶದಲ್ಲಿ `#N/A` ಎಂದಿದ್ದರೆ ನೇರ ಷರತ್ತು ಅದನ್ನು ಅಪಾಯವಲ್ಲ ಎಂದು ದಾಟಿಬಿಡುತ್ತದೆ. ತಿರುವಿದ ಷರತ್ತು ಅದನ್ನೂ ಕೆಂಪಿಗೆ ಸೇರಿಸುತ್ತದೆ. ಎರಡನೆಯದು, ಎಲ್ಲ ಸರಿಯಿದ್ದರೂ `OK` ಎಂಬ ಪತ್ರ ಬರುತ್ತದೆ. ಅಪಾಯ ಇದ್ದಾಗ ಮಾತ್ರ ಪತ್ರ ಕಳಿಸುವ ಕಾವಲು ಕೆಟ್ಟುಹೋದ ದಿನ, ಎಲ್ಲ ಸುರಕ್ಷಿತ ಇರುವ ದಿನದಂತೆಯೇ ಕಾಣುತ್ತದೆ. ಪತ್ರ ಬರಲಿಲ್ಲ ಎಂಬುದೇ ಒಂದು ಎಚ್ಚರಿಕೆಯಾಗಬೇಕು.

ಶೀಟ್‌ನ ಮಿತಿ ಸ್ಪಷ್ಟ. 20 ನಿಮಿಷ ಹಳೆಯ ಬೆಲೆ ಎಕ್ಸ್‌ಪೈರಿಗೆ ಒಂದು ವಾರ ಇರುವಾಗ ಸಾಕು, ಕೊನೆಯ ಎರಡು ದಿನ ಸಾಲದು. ಆಗ ಆ್ಯಪ್‌ನ ಬೆಲೆ ಅಲರ್ಟ್ ಕೈಹಿಡಿಯುತ್ತದೆ. ಅನುಪಾತ ಒಂದಾಗುವ ಬೆಲೆ ಯಾವುದೆಂದು ಶೀಟ್ ಹೇಳಲಿ, ಆ ಬೆಲೆಗೆ ಅಲರ್ಟನ್ನು ಬ್ರೋಕರ್ ಕಡೆ ಇಡಿ. ಮೂರು ದಿನ ಉಳಿದಾಗ ನಮ್ಮ ಷೇರಿನ ಸಾಮಾನ್ಯ ಚಲನೆ ಸುಮಾರು 26 ರೂಪಾಯಿ. ಆದ್ದರಿಂದ 1,050ರ ಕಾಲ್‌ಗೆ ಅಲರ್ಟ್ 1,024ರಲ್ಲಿ. ಕೇವಲ ಸ್ಟ್ರೈಕ್ ಬೆಲೆಗೇ ಅಲರ್ಟ್ ಇಡುವವರಿಗೆ ಎಚ್ಚರಿಕೆ ಬರುವಾಗ ಕಾಲ್ ಮರಳಿ ಕೊಳ್ಳುವ ಖರ್ಚು ಆಗಲೇ ಏರಿರುತ್ತದೆ.

ಸ್ಕ್ರಿಪ್ಟ್: ಯಾರಿಗೆ ನಿಜವಾಗಿ ಬೇಕು

ಬ್ರೋಕರ್‌ನ ಎಪಿಐ ಮೂಲಕ ಪೈಥಾನ್ ಸ್ಕ್ರಿಪ್ಟ್ ಪೊಸಿಷನ್, ಹೋಲ್ಡಿಂಗ್ಸ್, ಬೆಲೆ ಮೂರನ್ನೂ ತಾನೇ ತರುತ್ತದೆ. ಕೈಯಿಂದ ತುಂಬುವುದು ಏನೂ ಇಲ್ಲ, ತಡವೂ ಇಲ್ಲ. ಎಚ್ಚರಿಕೆಯನ್ನು ಟೆಲಿಗ್ರಾಂಗೆ ಕಳಿಸಬಹುದು. ಹತ್ತಾರು ಸ್ಟ್ರೈಕ್‌ಗಳಿರುವವರಿಗೆ, ನಿಫ್ಟಿಯ ವಾರದ ಆಪ್ಷನ್‌ಗಳಲ್ಲಿ ಹೆಡ್ಜ್ ಮಾಡುವವರಿಗೆ, ಮಂಗಳವಾರ ಇಡೀ ದಿನ ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಂತು ಮೊಬೈಲ್ ತೆಗೆದು ಲೆಕ್ಕ ಹಾಕಲಾಗದವರಿಗೆ ಇದು ತಕ್ಕದ್ದು.

ಬೆಲೆ ತೆರುವುದು ನಿರ್ವಹಣೆಯಲ್ಲಿ. ಕೆಲವು ಬ್ರೋಕರ್‌ಗಳು ಎಪಿಐ ಅನ್ನು ಉಚಿತವಾಗಿ ಕೊಡುತ್ತಾರೆ, ಕೆಲವರು ಬೆಲೆಯ ಮಾಹಿತಿಗೆ ತಿಂಗಳ ಶುಲ್ಕ ಕೇಳುತ್ತಾರೆ. ಆದರೆ ನಿಜವಾದ ಹೊರೆ ಲಾಗಿನ್. ಪ್ರವೇಶದ ಟೋಕನ್ ಸಾಮಾನ್ಯವಾಗಿ ಒಂದು ದಿನದ್ದು. ಪ್ರತಿದಿನ ಬೆಳಿಗ್ಗೆ ಹೊಸದಾಗಿ ಲಾಗಿನ್ ಆಗಬೇಕು, ಮರೆತರೆ ಸ್ಕ್ರಿಪ್ಟ್ ಸದ್ದಿಲ್ಲದೆ ಸತ್ತಿರುತ್ತದೆ. ಆದ್ದರಿಂದ 9.20ಕ್ಕೆ ಒಂದು ಜೀವಂತ ಸಂದೇಶ ಕಳಿಸುವಂತೆ ಮಾಡಿ, ಅದರಲ್ಲಿ ಒಟ್ಟು ಡೆಲ್ಟಾ ಇರಲಿ. ಅದು ಬಾರದಿದ್ದರೆ ಫೌಂಡ್ರಿಗೆ ಹೊರಡುವ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ಹಳೆಯ ಸ್ಕ್ರಿಪ್ಟ್‌ಗಳಲ್ಲಿ ತುಂಬ ಕಾಣುತ್ತದೆ. ಎಕ್ಸ್‌ಪೈರಿ ಗುರುವಾರ ಎಂದು ಒಳಗೇ ಬರೆದಿಟ್ಟಿರುವುದು. 2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇ ಎಕ್ಸ್‌ಪೈರಿ ಮಂಗಳವಾರಕ್ಕೆ ಬಂದಿದೆ, ರಜೆ ಇದ್ದರೆ ಹಿಂದಿನ ವಹಿವಾಟು ದಿನಕ್ಕೆ. ನಿಫ್ಟಿ ಲಾಟ್ 2026ರ ಆರಂಭದಲ್ಲಿ 75ರಿಂದ 65ಕ್ಕೆ ಇಳಿಯಿತು. ಬೋನಸ್, ಷೇರು ವಿಭಜನೆಗಳಾದಾಗ ಬಿಡಿ ಷೇರಿನ ಲಾಟ್ ಮತ್ತು ಸ್ಟ್ರೈಕ್ ಎರಡೂ ಬದಲಾಗುತ್ತವೆ. ದಿನಾಂಕವನ್ನೂ ಲಾಟನ್ನೂ ಪ್ರತಿದಿನ ಬ್ರೋಕರ್‌ನ ಇನ್‌ಸ್ಟ್ರುಮೆಂಟ್ ಪಟ್ಟಿಯಿಂದಲೇ ಓದಬೇಕು, ಲೆಕ್ಕ ಹಾಕಿ ಊಹಿಸಬಾರದು. ಶೀಟ್ ಬಳಸುವವರೂ H ಕಾಲಂನ ದಿನಾಂಕವನ್ನು ಕಾಂಟ್ರ್ಯಾಕ್ಟ್ ನೋಡಿಯೇ ತುಂಬಬೇಕು.

ನಿಫ್ಟಿ ಆಪ್ಷನ್‌ನಲ್ಲಿ ಷೇರು ಹಸ್ತಾಂತರ ಇಲ್ಲ, ಹಣದಲ್ಲೇ ತೀರುವಳಿ. ಒತ್ತೆಯ ತೊಡಕು, ಷೇರು ಹೋಗುವ ಭಯ ಎರಡೂ ಇಲ್ಲ. ಅದರ ಬದಲು ಮಾರಿದ ಸೂಚ್ಯಂಕ ಆಪ್ಷನ್‌ಗಳ ಮೇಲೆ ಎಕ್ಸ್‌ಪೈರಿ ದಿನ ಶೇ 2ರ ಹೆಚ್ಚುವರಿ ಮಾರ್ಜಿನ್ 2024ರ ನವೆಂಬರ್‌ನಿಂದ ಇದೆ. ಸಣ್ಣ ಖಾತೆಯಲ್ಲಿ ಹಣ ಬಿಗಿಯಾಗಿದ್ದರೆ ಸ್ಕ್ರಿಪ್ಟ್ ಸೋಮವಾರ ಮಧ್ಯಾಹ್ನವೇ ಉಳಿದ ಮಾರ್ಜಿನ್ಅನ್ನು ತೋರಿಸಬೇಕು.

ಸ್ಕ್ರಿಪ್ಟ್ ಓದಲಿ, ಎಚ್ಚರಿಸಲಿ. ಆರ್ಡರ್ ಹಾಕುವ ಅಧಿಕಾರ ಅದಕ್ಕೆ ಕೊಡಬೇಡಿ ಎಂಬುದು ನನ್ನ ದೃಢ ಅಭಿಪ್ರಾಯ. ಎಕ್ಸ್‌ಪೈರಿ ದಿನ ಗ್ಯಾಮಾ ಮೈನಸ್ 25 ಇರುವಾಗ ಡೆಲ್ಟಾವನ್ನು ಸರಿಪಡಿಸಲು ಹೊರಟ ಯಂತ್ರ ಏರಿದಾಗ ಕೊಂಡು, ಇಳಿದಾಗ ಮಾರಿ, ಕಾಲ್‌ನಲ್ಲಿ ಗಳಿಸಿದ ಪ್ರೀಮಿಯಂಅನ್ನು ಒಂದೇ ಮಧ್ಯಾಹ್ನ ಕರಗಿಸಬಲ್ಲದು.

ಹಾಗಾದರೆ ಯಾರಿಗೆ ಯಾವುದು? ಒಂದೇ ಕಂಪನಿಯ ಷೇರು, ಒಂದೇ ಪುಟ್ ಇರುವ ಬಾಗಲಕೋಟೆಯ ಉಪನ್ಯಾಸಕರಿಗೆ ಆ್ಯಪ್ ಅಲರ್ಟ್ ಮತ್ತು ಮೊಬೈಲ್ ಕ್ಯಾಲೆಂಡರ್‌ನಲ್ಲಿ ಎಕ್ಸ್‌ಪೈರಿಗೆ ಐದು ದಿನ ಮೊದಲಿನ ಗುರುತು ಸಾಕು. ಎಂಟು ಸಾಲುಗಳೊಳಗಿನ ಕಾಲರ್‌ಗಳಿರುವ ವ್ಯಾಪಾರಿಗೆ ಶೀಟ್ ಮತ್ತು ಬ್ರೋಕರ್ ಅಲರ್ಟ್ ಜೋಡಿ. ಹತ್ತಾರು ಸ್ಟ್ರೈಕ್‌ಗಳು ಅಥವಾ ವಾರದ ನಿಫ್ಟಿ ಹೆಡ್ಜ್ ಇರುವವರು, ದಿನವಿಡೀ ಮೊಬೈಲ್ ನೋಡಲಾಗದವರು ಮಾತ್ರ ಸ್ಕ್ರಿಪ್ಟ್‌ಗೆ ಹೋಗಲಿ, ಅವರೂ ಒಂದು ತಿಂಗಳ ಎಕ್ಸ್‌ಪೈರಿ ಮುಗಿಯುವವರೆಗೆ ಶೀಟನ್ನು ಪಕ್ಕದಲ್ಲಿ ಇಟ್ಟು ಎರಡರ ಡೆಲ್ಟಾ ಹೋಲಿಸಲಿ. ಸಾವಿರ ಷೇರಿನ ಪೋರ್ಟ್‌ಫೋಲಿಯೊದಲ್ಲಿ ಹತ್ತಿಪ್ಪತ್ತು ವ್ಯತ್ಯಾಸ ಬೆಲೆಯ ತಡದಿಂದ ಬರುತ್ತದೆ. ನೂರಾರು ಬಂದರೆ ಚಿಹ್ನೆ, ಲಾಟ್ ಅಥವಾ ದಿನಾಂಕದಲ್ಲಿ ತಪ್ಪಿದೆ. ಆ ಮೂರನ್ನೇ ಮೊದಲು ಹುಡುಕಿ.